ಮೂರು ತಳಿ, ನಾಲ್ಕು ಪ್ರಮಾಣ, ಎಪ್ಪತ್ತೆರಡು ತಾಕು

ಎಕರೆಗೆ ಎಷ್ಟು ಗೊಬ್ಬರ ಹಾಕಬೇಕು ಎಂಬ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ: ಯಾವ ತಳಿಗೆ? ಎಲ್ಲ ತಳಿಗಳೂ ಗೊಬ್ಬರಕ್ಕೆ ಒಂದೇ ರೀತಿ ಸ್ಪಂದಿಸುವುದಾದರೆ ಒಂದು ಬೆಳೆಗೆ ಒಂದು ಶಿಫಾರಸು ಸಾಕು. ಒಂದು ತಳಿ ಗೊಬ್ಬರ ಕೊಟ್ಟಷ್ಟೂ ಕಾಳು ಕಟ್ಟುತ್ತ ಹೋಗಿ, ಇನ್ನೊಂದು ಸ್ವಲ್ಪಕ್ಕೇ ಸುಸ್ತಾಗುವುದಾದರೆ ತಳಿಯ ಹೆಸರು ಕೇಳದೆ ಗೊಬ್ಬರದ ಲೆಕ್ಕ ಹೇಳುವುದೇ ತಪ್ಪಾಗುತ್ತದೆ. ಹೀಗೆ ಒಂದು ಅಂಶದ ಪರಿಣಾಮ ಇನ್ನೊಂದು ಅಂಶವನ್ನು ಅವಲಂಬಿಸಿ ಬದಲಾಗುವುದನ್ನು ಸಂಖ್ಯಾಶಾಸ್ತ್ರದವರು ಇಂಟರ್‌ಆ್ಯಕ್ಷನ್ ಎನ್ನುತ್ತಾರೆ. ಅದನ್ನು ಪತ್ತೆ ಮಾಡುವ ಲೆಕ್ಕಕ್ಕೆ ಟೂ-ವೇ ಅನೋವಾ ಎಂದು ಹೆಸರು. ಅದನ್ನು ಕಣ್ಣಿಗೆ ಕಾಣಿಸುವ ಚಿತ್ರ ಇಂಟರ್‌ಆ್ಯಕ್ಷನ್ ಗ್ರಾಫ್.

ಈ ಲೆಕ್ಕ ಹುಟ್ಟಿದ್ದೇ ಹೊಲದಲ್ಲಿ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ರೊನಾಲ್ಡ್ ಫಿಷರ್, ಸಹೋದ್ಯೋಗಿ ವಿನಿಫ್ರೆಡ್ ಮೆಕೆಂಜಿ ಅವರ ಜೊತೆ 1923ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಹನ್ನೆರಡು ಆಲೂಗಡ್ಡೆ ತಳಿಗಳು ಗೊಬ್ಬರಕ್ಕೆ ಬೇರೆ ಬೇರೆ ರೀತಿ ಸ್ಪಂದಿಸುತ್ತವೆಯೇ ಎಂಬುದೇ ಅದರ ವಿಷಯ. ಅಂಥ ವ್ಯತ್ಯಾಸ ಕಾಣಲಿಲ್ಲ ಎಂಬುದು ಅವರಿಗೆ ಸಿಕ್ಕ ಉತ್ತರ. ಅನೋವಾ ಎಂಬ ಲೆಕ್ಕದ ಪಟ್ಟಿ ಪ್ರಪಂಚಕ್ಕೆ ಪರಿಚಯವಾದದ್ದು ಆ ಪ್ರಬಂಧದಿಂದ. ಇಂದು ಧಾರವಾಡದಲ್ಲಿ, ಬೆಂಗಳೂರಿನಲ್ಲಿ, ರಾಯಚೂರಿನಲ್ಲಿ ಬೇಸಾಯಶಾಸ್ತ್ರದ ವಿದ್ಯಾರ್ಥಿಗಳು ತಳಿ ಮತ್ತು ಸಾರಜನಕದ ಪ್ರಯೋಗ ಮಾಡಿ ಬರೆಯುವ ಕೋಷ್ಟಕಗಳಿಗೆ ಮೂಲ ಅದೇ.

ಗ್ರಾಫ್ ಓದುವುದನ್ನು ತಿಳಿಯಲು ನಾನು ಅದೇ ರಾಥಮ್‌ಸ್ಟೆಡ್‌ನ ಇನ್ನೊಂದು ಪ್ರಯೋಗವನ್ನು ಆರಿಸಿಕೊಂಡಿದ್ದೇನೆ. ಫಿಷರ್ ನಂತರ ಅಲ್ಲಿ ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರಾದ ಫ್ರ್ಯಾಂಕ್ ಯೇಟ್ಸ್ 1935ರಲ್ಲಿ ಪ್ರಕಟಿಸಿದ ಓಟ್ಸ್ ಬೆಳೆಯ ಪ್ರಯೋಗ ಅದು. ಅಂಕಿಗಳೆಲ್ಲ ಇಂದಿಗೂ ಲಭ್ಯವಿವೆ, ಯಾರು ಬೇಕಾದರೂ ಮತ್ತೆ ಲೆಕ್ಕ ಹಾಕಿ ನೋಡಬಹುದು. ಅಲ್ಲದೆ ಗ್ರಾಫ್ ಓದುವಾಗ ಕಣ್ಣು ಎಲ್ಲೆಲ್ಲಿ ಮೋಸಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ತಳಿಗಳು ಮೂರು: ಗೋಲ್ಡನ್ ರೇನ್, ಮಾರ್ವಲಸ್, ವಿಕ್ಟರಿ. ಸಾರಜನಕದ ಪ್ರಮಾಣ ನಾಲ್ಕು: ಏನೂ ಇಲ್ಲ, ಎಕರೆಗೆ ಸುಮಾರು 10 ಕಿಲೊ, 20 ಕಿಲೊ, 30 ಕಿಲೊ. ಹೊಲವನ್ನು ಆರು ಬ್ಲಾಕ್‌ಗಳಾಗಿ ವಿಂಗಡಿಸಿ, ಒಂದೊಂದು ಬ್ಲಾಕಿನಲ್ಲೂ ಮೂರು ದೊಡ್ಡ ತಾಕು ಮಾಡಿ, ತಾಕಿಗೊಂದು ತಳಿ ಬಿತ್ತಿದರು. ಆ ದೊಡ್ಡ ತಾಕನ್ನು ಮತ್ತೆ ನಾಲ್ಕು ಸಣ್ಣ ತಾಕು ಮಾಡಿ ಒಂದೊಂದಕ್ಕೆ ಒಂದೊಂದು ಪ್ರಮಾಣದ ಸಾರಜನಕ ಕೊಟ್ಟರು. ಯಾವ ತಾಕಿಗೆ ಏನು ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಿದ್ದರು. ಸಣ್ಣ ತಾಕಿನ ವಿಸ್ತೀರ್ಣ ಎಕರೆಯ 80ನೇ ಒಂದು ಭಾಗ, ನಮ್ಮ ಲೆಕ್ಕದಲ್ಲಿ ಅರ್ಧ ಗುಂಟೆ. ಒಟ್ಟು 72 ತಾಕು, 36 ಗುಂಟೆ.

ಮೂಲದಲ್ಲಿ ಇಳುವರಿಯನ್ನು ಕಾಲು ಪೌಂಡಿನ ಲೆಕ್ಕದಲ್ಲಿ ಬರೆದಿದ್ದಾರೆ. ಅದನ್ನು ಎಕರೆಗೆ ಎಷ್ಟು ಕಿಲೊ ಎಂದು ಬದಲಿಸಿಕೊಂಡರೆ, ಆರು ಬ್ಲಾಕ್‌ಗಳ ಸರಾಸರಿ ಹೀಗಿದೆ:

| ತಳಿ | ಸಾರಜನಕ 0 | 10 ಕಿಲೊ | 20 ಕಿಲೊ | 30 ಕಿಲೊ |
|---|---|---|---|---|
| ಮಾರ್ವಲಸ್ | 786 | 984 | 1063 | 1151 |
| ಗೋಲ್ಡನ್ ರೇನ್ | 726 | 894 | 1040 | 1132 |
| ವಿಕ್ಟರಿ | 649 | 813 | 1005 | 1075 |

ಈ ಹನ್ನೆರಡು ಸಂಖ್ಯೆಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತು ಮಾಡೋಣ. ಅಡ್ಡಕ್ಕೆ ಸಾರಜನಕ, ಉದ್ದಕ್ಕೆ ಇಳುವರಿ. ಒಂದು ತಳಿಯ ನಾಲ್ಕು ಚುಕ್ಕಿಗಳನ್ನು ಸೇರಿಸಿ ಒಂದು ಗೆರೆ ಎಳೆದರೆ ಒಟ್ಟು ಮೂರು ಗೆರೆ ಆಗುತ್ತವೆ. ಇಂಟರ್‌ಆ್ಯಕ್ಷನ್ ಗ್ರಾಫ್ ಎಂದರೆ ಇಷ್ಟೇ.

ಇದರಲ್ಲಿ ನೋಡಬೇಕಾದದ್ದು ಮೂರು ಸಂಗತಿ. ಗೆರೆಗಳು ಎಡದಿಂದ ಬಲಕ್ಕೆ ಏರುತ್ತಿದ್ದರೆ ಅದು ಗೊಬ್ಬರದ ಪರಿಣಾಮ. ಒಂದು ಗೆರೆ ಇನ್ನೊಂದಕ್ಕಿಂತ ಮೇಲಿದ್ದರೆ ಅದು ತಳಿಯ ಪರಿಣಾಮ. ಇವೆರಡೂ ಯಾರ ಕಣ್ಣಿಗೂ ತಟ್ಟನೆ ಕಾಣುತ್ತವೆ. ಮೂರನೆಯದು ಗೆರೆಗಳ ನಡುವಿನ ಅಂತರ. ಬಲಕ್ಕೆ ಹೋದಂತೆ ಆ ಅಂತರ ಹಿಗ್ಗುತ್ತದೆಯೇ, ಕುಗ್ಗುತ್ತದೆಯೇ, ಹಾಗೆಯೇ ಇರುತ್ತದೆಯೇ? ಇಂಟರ್‌ಆ್ಯಕ್ಷನ್ ಇರುವುದು ಅಲ್ಲಿ. ಗೆರೆಗಳು ಒಂದನ್ನೊಂದು ಕತ್ತರಿಸಿದರೆ ಮಾತ್ರ ಇಂಟರ್‌ಆ್ಯಕ್ಷನ್ ಎಂದು ಬಹಳ ಜನ ತಿಳಿದಿದ್ದಾರೆ, ಅದು ಸರಿಯಲ್ಲ. ಕತ್ತರಿಸದೆಯೂ ಅಂತರ ಬದಲಾಗಬಹುದು, ಆಗಲೂ ತಳಿಗಳು ಬೇರೆ ಬೇರೆಯಾಗಿ ಸ್ಪಂದಿಸುತ್ತಿವೆ ಎಂದೇ ಅರ್ಥ.

ನಮ್ಮ ಗ್ರಾಫಿನಲ್ಲಿ ಗೆರೆಗಳು ಎಲ್ಲಿಯೂ ಕತ್ತರಿಸುವುದಿಲ್ಲ. ಆದರೆ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವಿನ ಅಂತರ ನೋಡಿ. ಗೊಬ್ಬರವಿಲ್ಲದಾಗ ಮಾರ್ವಲಸ್ ವಿಕ್ಟರಿಗಿಂತ 137 ಕಿಲೊ ಮುಂದಿದೆ. 10 ಕಿಲೊ ಸಾರಜನಕದಲ್ಲಿ ಅಂತರ 171ಕ್ಕೆ ಏರುತ್ತದೆ, 20ರಲ್ಲಿ 58ಕ್ಕೆ ಇಳಿಯುತ್ತದೆ, 30ರಲ್ಲಿ 76. ಹಾಗಾದರೆ ಗೊಬ್ಬರ ಹೆಚ್ಚಾದಂತೆ ವಿಕ್ಟರಿ ಮೇಲಿನ ಗೆರೆಯನ್ನು ಸಮೀಪಿಸುತ್ತಿದೆ. ವಿಕ್ಟರಿ ಹೆಚ್ಚು ಗೊಬ್ಬರ ಬೇಡುವ ತಳಿ, ಮಾರ್ವಲಸ್ ಬಡ ಮಣ್ಣಿಗೆ ಹೊಂದುವ ತಳಿ ಎಂದು ಬರೆದುಬಿಡಬಹುದಲ್ಲವೇ? ಗ್ರಾಫನ್ನಷ್ಟೇ ನೋಡಿದವರು ಹಾಗೆ ಬರೆಯುತ್ತಾರೆ. ಕಥೆ ಚೆನ್ನಾಗಿಯೇ ಇದೆ. ಆದರೆ ಅದನ್ನು ನಂಬುವ ಮುನ್ನ ಈ ಚುಕ್ಕಿಗಳು ಎಷ್ಟು ಗಟ್ಟಿ ಎಂದು ಕೇಳಬೇಕು.

ಆರು ಬ್ಲಾಕ್‌ಗಳ ಸರಾಸರಿಯನ್ನು ಬಿಟ್ಟು ಬರೀ ಮೊದಲನೆಯ ಬ್ಲಾಕನ್ನು ನೋಡೋಣ. ಅಲ್ಲಿ ವಿಕ್ಟರಿಯ ನಾಲ್ಕು ತಾಕುಗಳ ಇಳುವರಿ ಎಕರೆ ಲೆಕ್ಕದಲ್ಲಿ 1007, 1179, 1424, 1579. ಮಾರ್ವಲಸ್ ತಳಿಯದು 953, 1270, 1070, 1415. ಇವೆರಡನ್ನು ಗೆರೆಯಾಗಿ ಎಳೆದರೆ ಗೊಬ್ಬರವಿಲ್ಲದಾಗ ವಿಕ್ಟರಿ ಮೇಲೆ, 10 ಕಿಲೊಗೆ ಮಾರ್ವಲಸ್ ಮೇಲೆ, 20ಕ್ಕೆ ಮತ್ತೆ ವಿಕ್ಟರಿ ಬಹಳ ಮೇಲೆ. ಗೆರೆಗಳು ಎರಡು ಸಲ ಕತ್ತರಿಸುತ್ತವೆ. ಈ ಒಂದು ಬ್ಲಾಕಿನ ಗ್ರಾಫನ್ನು ಪುಸ್ತಕದಲ್ಲಿ ಅಚ್ಚು ಹಾಕಿದರೆ ಪ್ರಬಲ ಇಂಟರ್‌ಆ್ಯಕ್ಷನ್‌ಗೆ ಮಾದರಿಯಂತೆ ಕಾಣುತ್ತದೆ. ಮಾರ್ವಲಸ್ ಗೆರೆ ನಡುವೆ 1070ಕ್ಕೆ ಕುಸಿದದ್ದಕ್ಕೆ ತಳಿಯ ಗುಣ ಕಾರಣವೇ? ಹಾಗಿದ್ದಿದ್ದರೆ ಉಳಿದ ಬ್ಲಾಕ್‌ಗಳಲ್ಲೂ ಅದೇ ಕುಸಿತ ಕಾಣಬೇಕಿತ್ತು. ಆರೂ ಬ್ಲಾಕ್‌ಗಳ ಸರಾಸರಿಯಲ್ಲಿ ಅದರ ಸುಳಿವೇ ಇಲ್ಲ. ಆ ಅರ್ಧ ಗುಂಟೆಯ ಮಣ್ಣು ಅಷ್ಟು ಕೊಟ್ಟಿತು, ಅಷ್ಟೇ.

ಮಣ್ಣಿನ ಈ ಏರುಪೇರು ಎಷ್ಟು ದೊಡ್ಡದು ಎಂಬುದನ್ನು ಇನ್ನೊಂದು ಜೋಡಿ ಹೇಳುತ್ತದೆ. ಸಾರಜನಕವೇ ಇಲ್ಲದ ವಿಕ್ಟರಿ ಮೊದಲ ಬ್ಲಾಕಿನಲ್ಲಿ ಎಕರೆಗೆ 1007 ಕಿಲೊ ಕೊಟ್ಟರೆ ಎರಡನೆಯ ಬ್ಲಾಕಿನಲ್ಲಿ ಕೊಟ್ಟದ್ದು 553 ಕಿಲೊ. ತಳಿ ಅದೇ, ಗೊಬ್ಬರ ಅದೇ, ಹೊಲವೂ ಅದೇ. ವ್ಯತ್ಯಾಸ 454 ಕಿಲೊ. ಸೊನ್ನೆಯಿಂದ 30 ಕಿಲೊ ಸಾರಜನಕಕ್ಕೆ ಹೋದಾಗ ವಿಕ್ಟರಿಗೆ ಸರಾಸರಿಯಲ್ಲಿ ಸಿಕ್ಕ ಲಾಭ 426 ಕಿಲೊ. ಅಂದರೆ ಹೊಲದ ಒಂದು ಮೂಲೆಗೂ ಇನ್ನೊಂದು ಮೂಲೆಗೂ ಇರುವ ವ್ಯತ್ಯಾಸ ಇಡೀ ಗೊಬ್ಬರದ ಪರಿಣಾಮಕ್ಕಿಂತ ಹೆಚ್ಚು. ಬ್ಲಾಕ್ ಕಟ್ಟುವುದು ಈ ಕಾರಣಕ್ಕೆ. ಒಂದೇ ಬ್ಲಾಕಿನೊಳಗಿನ ತಾಕುಗಳನ್ನು ಪರಸ್ಪರ ಹೋಲಿಸಿದರೆ ಬ್ಲಾಕ್‌ಗಳ ನಡುವಿನ ಏರುಪೇರು ಹೋಲಿಕೆಯಿಂದ ಹೊರಗುಳಿಯುತ್ತದೆ.

ಅದು ಹೊರಗುಳಿದ ಮೇಲೂ, ಒಂದೇ ದೊಡ್ಡ ತಾಕಿನೊಳಗಿನ ಸಣ್ಣ ತಾಕುಗಳಲ್ಲಿ ಕಾರಣ ಹೇಳಲಾಗದ ಹೆಚ್ಚುಕಡಿಮೆ ಸ್ವಲ್ಪ ಉಳಿಯುತ್ತದೆ. ಅನೋವಾ ಲೆಕ್ಕ ಅದನ್ನು ಅಳೆದುಕೊಡುತ್ತದೆ. ಈ ಪ್ರಯೋಗದಲ್ಲಿ ಅದು ತಾಕಿಗೆ ಸುಮಾರು 121 ಕಿಲೊ, ಎಕರೆ ಲೆಕ್ಕದಲ್ಲಿ. ಗ್ರಾಫನ್ನು ಓದಲು ಬೇಕಾದ ಅಳತೆಗೋಲು ಈ ಸಂಖ್ಯೆಯಿಂದಲೇ ಸಿಗುತ್ತದೆ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಗ್ರಾಫಿನ ಒಂದು ಚುಕ್ಕಿ ಆರು ತಾಕುಗಳ ಸರಾಸರಿ. ಸರಾಸರಿ ತೆಗೆದಾಗ ಹೆಚ್ಚುಕಡಿಮೆ ತಗ್ಗುತ್ತದೆ. 121ನ್ನು 6ರ ವರ್ಗಮೂಲದಿಂದ ಭಾಗಿಸಿದರೆ 49. ಒಂದು ಗೆರೆ ಎಷ್ಟು ಏರಿತು ಎಂದು ನೋಡಲು ಎರಡು ಚುಕ್ಕಿಗಳನ್ನು ಕಳೆಯಬೇಕು. ಎರಡೂ ಚುಕ್ಕಿಗಳ ಅನಿಶ್ಚಿತತೆ ಸೇರುವುದರಿಂದ 49 ಈಗ 70 ಆಗುತ್ತದೆ. ಇಂಟರ್‌ಆ್ಯಕ್ಷನ್ ನೋಡಲು ಇನ್ನೂ ಒಂದು ಹೆಜ್ಜೆ ಬೇಕು: ಒಂದು ಗೆರೆಯ ಏರಿಕೆಯಿಂದ ಇನ್ನೊಂದು ಗೆರೆಯ ಏರಿಕೆಯನ್ನು ಕಳೆಯಬೇಕು. ನಾಲ್ಕು ಚುಕ್ಕಿಗಳು ಸೇರುತ್ತವೆ, 70 ಈಗ 99 ಆಗುತ್ತದೆ. ಇದೇ ಆ ಹೋಲಿಕೆಯ ಸ್ಟ್ಯಾಂಡರ್ಡ್ ಎರರ್. ತಳಿಗಳ ನಡುವೆ ನಿಜವಾದ ವ್ಯತ್ಯಾಸ ಏನೂ ಇಲ್ಲದಿದ್ದರೂ, ಬರೀ ಮಣ್ಣಿನ ಆಟದಿಂದ ಎರಡು ಗೆರೆಗಳ ಏರಿಕೆಯಲ್ಲಿ 99 ಕಿಲೊ ಆಸುಪಾಸಿನ ವ್ಯತ್ಯಾಸ ಬರುವುದು ಸಾಮಾನ್ಯ. ಅದರ ಎರಡು ಪಟ್ಟು, ಸುಮಾರು 200 ಕಿಲೊ ದಾಟಿದರೆ ಮಾತ್ರ ಇದು ಮಣ್ಣಿನದಲ್ಲ, ತಳಿಯದು ಎನ್ನಲು ಧೈರ್ಯ ಬರುತ್ತದೆ.

ಈಗ ಗ್ರಾಫಿಗೆ ಮರಳೋಣ. ಸೊನ್ನೆಯಿಂದ 30 ಕಿಲೊವರೆಗೆ ವಿಕ್ಟರಿ ಏರಿದ್ದು 426, ಗೋಲ್ಡನ್ ರೇನ್ 406, ಮಾರ್ವಲಸ್ 365. ಅತಿ ಹೆಚ್ಚಿಗೂ ಅತಿ ಕಡಿಮೆಗೂ ವ್ಯತ್ಯಾಸ 61 ಕಿಲೊ. ನಮ್ಮ ಅಳತೆಗೋಲು 99. ಮಣ್ಣು ಒಂದೇ ಸುಲಭವಾಗಿ ಮಾಡಬಲ್ಲ ವ್ಯತ್ಯಾಸಕ್ಕಿಂತಲೂ ಇದು ಕಡಿಮೆ. ವಿಕ್ಟರಿ ಗೊಬ್ಬರ ಬೇಡುವ ತಳಿ ಎಂಬ ಕಥೆಗೆ ಈ ಅಂಕಿಗಳಲ್ಲಿ ಆಧಾರವಿಲ್ಲ.

ಅನೋವಾ ಇದನ್ನೇ ಮೂರೂ ತಳಿ, ನಾಲ್ಕೂ ಪ್ರಮಾಣಕ್ಕೆ ಒಟ್ಟಿಗೆ ಮಾಡುತ್ತದೆ. ಅದರ ದಾರಿ ಸರಳ. ಗೆರೆಗಳು ಪೂರ್ತಿ ಸಮಾನಾಂತರವಾಗಿದ್ದರೆ ಒಂದೊಂದು ಚುಕ್ಕಿ ಎಲ್ಲಿರಬೇಕಿತ್ತು ಎಂದು ಮೊದಲು ಕಂಡುಕೊಳ್ಳುತ್ತದೆ. ಉದಾಹರಣೆಗೆ ಮಾರ್ವಲಸ್ ತಳಿಯ ಒಟ್ಟು ಸರಾಸರಿ 996, ಮೂರು ತಳಿಗೂ ಸೇರಿ 10 ಕಿಲೊ ಸಾರಜನಕದ ಸರಾಸರಿ 897, ಇಡೀ ಪ್ರಯೋಗದ ಸರಾಸರಿ 943. ಮೊದಲಿನೆರಡನ್ನು ಕೂಡಿ ಮೂರನೆಯದನ್ನು ಕಳೆದರೆ 950. ಸಮಾನಾಂತರ ಗೆರೆಯಲ್ಲಿ ಆ ಚುಕ್ಕಿ 950ರಲ್ಲಿ ಇರಬೇಕಿತ್ತು, ಇರುವುದು 984ರಲ್ಲಿ. ಉಳಿಕೆ 34 ಕಿಲೊ. ಹನ್ನೆರಡು ಚುಕ್ಕಿಗಳಲ್ಲಿ ಇದೇ ಅತಿ ದೊಡ್ಡ ಉಳಿಕೆ. ಗೋಲ್ಡನ್ ರೇನ್ ತಳಿಯ ನಾಲ್ಕು ಚುಕ್ಕಿಗಳಂತೂ 9 ಕಿಲೊಗಿಂತ ಹೆಚ್ಚು ಆಚೀಚೆ ಸರಿಯುವುದಿಲ್ಲ. ಈ ಹನ್ನೆರಡು ಉಳಿಕೆಗಳ ಒಟ್ಟು ಗಾತ್ರವನ್ನು ಮಣ್ಣಿನ ಏರುಪೇರಿನ ಗಾತ್ರಕ್ಕೆ ಹೋಲಿಸಿದಾಗ ಬರುವ ಅನುಪಾತಕ್ಕೆ ಎಫ್ ಎಂದು ಹೆಸರು. ಇಂಟರ್‌ಆ್ಯಕ್ಷನ್ ಇಲ್ಲದಿದ್ದರೆ ಅದು 1ರ ಆಸುಪಾಸಿನಲ್ಲಿ ಇರಬೇಕು. ಇಲ್ಲಿ 0.30. ಗೊಬ್ಬರಕ್ಕೆ ಅದೇ ಅನುಪಾತ 37.7, ಅಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ.

ಆರ್ ಎಂಬ ಉಚಿತ ತಂತ್ರಾಂಶದಲ್ಲಿ ಈ 72 ಸಂಖ್ಯೆಗಳು ಸಿದ್ಧವಾಗಿಯೇ ಸಿಗುತ್ತವೆ. ಕಂಪ್ಯೂಟರ್ ಇದ್ದವರು ಮೂರು ಸಾಲಿನಲ್ಲಿ ಗ್ರಾಫನ್ನೂ ಕೋಷ್ಟಕವನ್ನೂ ಪಡೆಯಬಹುದು:

```
library(MASS)
with(oats, interaction.plot(N, V, Y))
summary(aov(Y ~ N*V + Error(B/V), data = oats))
```

ಕೊನೆಯ ಸಾಲಿನ `Error(B/V)` ಎಂಬ ತುಣುಕನ್ನು ಬಿಟ್ಟುಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ಅದು ಕಂಪ್ಯೂಟರಿಗೆ ಹೇಳುವುದು ಹೊಲದ ರಚನೆಯನ್ನು: ಬ್ಲಾಕ್, ಅದರೊಳಗೆ ತಳಿಯ ದೊಡ್ಡ ತಾಕು, ಅದರೊಳಗೆ ಸಾರಜನಕದ ಸಣ್ಣ ತಾಕು. ಬಿಟ್ಟರೆ 72 ತಾಕುಗಳೂ ಹೊಲದಲ್ಲಿ ಹೇಗೆಂದರೆ ಹಾಗೆ ಹರಡಿದ್ದವು ಎಂದು ಅದು ಭಾವಿಸುತ್ತದೆ. ಆಗ ಬ್ಲಾಕ್‌ಗಳ ನಡುವಿನ ದೊಡ್ಡ ಏರುಪೇರೂ ಲೆಕ್ಕದೊಳಗೆ ನುಗ್ಗಿ, ನಮ್ಮ 99 ಕಿಲೊದ ಅಳತೆಗೋಲು 165 ಕಿಲೊ ಆಗುತ್ತದೆ. ನಿಜವಾದ ಇಂಟರ್‌ಆ್ಯಕ್ಷನ್ ಇದ್ದರೂ ಅಂಥ ಒರಟು ಅಳತೆಗೋಲಿಗೆ ಸಿಗದೆ ತಪ್ಪಿಸಿಕೊಳ್ಳಬಹುದು. ಚುಕ್ಕಿಗಳ ಮೇಲೆ ಕೆಳಗೆ ಸಣ್ಣ ಕಡ್ಡಿಗಳನ್ನು ಎಳೆದು ಅನಿಶ್ಚಿತತೆ ತೋರಿಸುವ ಗ್ರಾಫ್‌ಗಳಲ್ಲೂ ಇದೇ ತೊಂದರೆ. ಕಡ್ಡಿಯೊಳಗೆ ಬ್ಲಾಕ್‌ಗಳ ಏರುಪೇರೂ ಸೇರಿದ್ದರೆ ಎಲ್ಲ ಕಡ್ಡಿಗಳೂ ಒಂದರ ಮೇಲೊಂದು ಬೀಳುತ್ತವೆ. ಅದರಿಂದ ಇಂಟರ್‌ಆ್ಯಕ್ಷನ್ ಇದೆ ಎಂದಾಗಲಿ ಇಲ್ಲ ಎಂದಾಗಲಿ ಹೇಳಲು ಬರುವುದಿಲ್ಲ. ಕಡ್ಡಿ ಏನನ್ನು ಅಳೆಯುತ್ತಿದೆ ಎಂದು ಗ್ರಾಫಿನ ಕೆಳಗೆ ಬರೆದಿಲ್ಲದಿದ್ದರೆ ಅದನ್ನು ನೆಚ್ಚಿಕೊಳ್ಳದಿರುವುದು ಒಳ್ಳೆಯದು.

ಇಂಟರ್‌ಆ್ಯಕ್ಷನ್ ಕಾಣದಿದ್ದಾಗ ಸಿಗುವ ಅನುಕೂಲವೂ ದೊಡ್ಡದು. ಮೂರು ತಳಿಗಳ ಸರಾಸರಿ ತೆಗೆದು ಗೊಬ್ಬರದ ಬಗ್ಗೆ ಒಂದೇ ಮಾತು ಹೇಳಬಹುದು: ಮೊದಲ 10 ಕಿಲೊ ಸಾರಜನಕ ಎಕರೆಗೆ 177 ಕಿಲೊ ಇಳುವರಿ ಹೆಚ್ಚಿಸಿತು, ಎರಡನೆಯ 10 ಕಿಲೊ 139, ಮೂರನೆಯದು 83. ಮೂರನೆಯ ಕಂತಿನ ಗೊಬ್ಬರಕ್ಕೆ ಹಾಕಿದ ಹಣ 83 ಕಿಲೊ ಕಾಳಿನಲ್ಲಿ ವಾಪಸು ಬರುತ್ತದೆಯೇ ಎಂಬುದನ್ನು ರೈತ ಲೆಕ್ಕ ಹಾಕಿಕೊಳ್ಳಬಹುದು. ತಳಿಯ ಹೆಸರು ಕೇಳಬೇಕಾಗಿಲ್ಲ.

ಇಂಟರ್‌ಆ್ಯಕ್ಷನ್ ನಿಜವಾಗಿ ಇದ್ದಾಗ ಗ್ರಾಫ್ ಹೇಗಿರುತ್ತದೆ? ಅದಕ್ಕೆ ಭತ್ತದ ಗದ್ದೆಗೆ ಹೋಗಬೇಕು. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ 1962ರಲ್ಲಿ ಪೀಟರ್ ಜೆನ್ನಿಂಗ್ಸ್ ಅವರು ಪೇಟಾ ಎಂಬ ಎತ್ತರದ ತಳಿಯನ್ನು ತೈವಾನಿನ ಗಿಡ್ಡ ತಳಿ ಡೀ-ಜಿಯೋ-ವೂ-ಜೆನ್ ಜೊತೆ ಸಂಕರ ಮಾಡಿದರು. ಅದರಿಂದ ಬಂದದ್ದೇ 1966ರಲ್ಲಿ ಬಿಡುಗಡೆಯಾದ ಐಆರ್ 8. ನಮ್ಮ ನಾಡಿನ ಗದ್ದೆಗಳಿಗೂ ಬಂದ ಭತ್ತ ಅದು. ಸಾರಜನಕವನ್ನು ಅಡ್ಡಕ್ಕೂ ಇಳುವರಿಯನ್ನು ಉದ್ದಕ್ಕೂ ಇಟ್ಟು ತಾಯಿ ತಳಿಗೂ ಮಗಳು ತಳಿಗೂ ಒಂದೊಂದು ಗೆರೆ ಎಳೆದರೆ, ಐಆರ್ 8 ಗೆರೆ ಗೊಬ್ಬರ ಕೊಟ್ಟಷ್ಟೂ ಮೇಲಕ್ಕೆ ಹೋಗುತ್ತದೆ. ಪೇಟಾ ಗೆರೆ ಬೇಗನೆ ಮಟ್ಟಸವಾಗಿ, ಆಮೇಲೆ ಕೆಳಕ್ಕೆ ಇಳಿಯುತ್ತದೆ. ಕಾರಣ ಗದ್ದೆಗೆ ಇಳಿದವರಿಗೆಲ್ಲ ಗೊತ್ತಿರುವುದೇ. ಯೂರಿಯಾ ಹೆಚ್ಚಾದರೆ ಎತ್ತರದ ಪೈರು ಇನ್ನೂ ಎತ್ತರಕ್ಕೆ ಬೆಳೆದು, ಎಲೆ ದಟ್ಟವಾಗಿ, ತೆನೆ ತೂಗುವ ಹೊತ್ತಿಗೆ ಗಾಳಿಮಳೆಗೆ ನೆಲಕ್ಕೊರಗುತ್ತದೆ. ಒರಗಿದ ಪೈರಿನಲ್ಲಿ ಎಲೆಗಳು ಒಂದಕ್ಕೊಂದು ನೆರಳಾಗಿ ಕಾಳು ತುಂಬುವುದಿಲ್ಲ. ನೀರಿಗೆ ಬಿದ್ದ ತೆನೆ ಕೊಳೆಯುತ್ತದೆ ಅಥವಾ ಅಲ್ಲೇ ಮೊಳೆಯುತ್ತದೆ. ಗಿಡ್ಡ, ಗಟ್ಟಿ ಕಾಂಡದ ಐಆರ್ 8 ನಿಂತೇ ಇರುತ್ತದೆ, ತಿಂದ ಸಾರಜನಕವನ್ನು ಕಾಳಿಗೆ ತಿರುಗಿಸುತ್ತದೆ.

ಇಂಥ ಗ್ರಾಫಿನಲ್ಲಿ ಸರಾಸರಿ ಸುಳ್ಳು ಹೇಳುತ್ತದೆ. ಏರುವ ಗೆರೆಯನ್ನೂ ಇಳಿಯುವ ಗೆರೆಯನ್ನೂ ಸೇರಿಸಿ ಸರಾಸರಿ ತೆಗೆದರೆ ಗೊಬ್ಬರದಿಂದ ಅಷ್ಟೇನೂ ಪ್ರಯೋಜನವಿಲ್ಲ ಎಂಬ ಮಟ್ಟಸ ಗೆರೆ ಬರಬಹುದು. ಆ ಮಾತು ಐಆರ್ 8 ಬೆಳೆದವನಿಗೂ ಸರಿಯಲ್ಲ, ಪೇಟಾ ಬೆಳೆದವನಿಗೂ ಸರಿಯಲ್ಲ. ಅನೋವಾ ಕೋಷ್ಟಕ ಓದುವಾಗ ಇಂಟರ್‌ಆ್ಯಕ್ಷನ್ ಸಾಲನ್ನು ಮೊದಲು ಓದಿ, ತಳಿ ಮತ್ತು ಗೊಬ್ಬರದ ಸಾಲುಗಳಿಗೆ ಆಮೇಲೆ ಬರಬೇಕು ಎಂದು ನಾನು ಹೇಳುವುದು ಇದಕ್ಕೇ. ಅಚ್ಚಾದ ಕೋಷ್ಟಕದಲ್ಲಿ ಅದು ಕೊನೆಯ ಸಾಲುಗಳಲ್ಲಿ ಇರುತ್ತದೆ ಎಂಬುದು ಬೇರೆ ಮಾತು. ಆ ಸಾಲು ಗಟ್ಟಿಯಾಗಿದ್ದರೆ ಒಂದೊಂದು ತಳಿಯ ಗೊಬ್ಬರದ ಲೆಕ್ಕವನ್ನು ಬೇರೆಬೇರೆಯಾಗಿಯೇ ಹೇಳಬೇಕಾಗುತ್ತದೆ.

ಗ್ರಾಫಿನ ಅಕ್ಷಗಳನ್ನು ಅದಲುಬದಲು ಮಾಡಿಯೂ ಒಮ್ಮೆ ನೋಡುವುದು ಒಳ್ಳೆಯದು. ತಳಿಗಳನ್ನು ಅಡ್ಡಕ್ಕೆ ಇಟ್ಟು ಗೊಬ್ಬರದ ಪ್ರಮಾಣಕ್ಕೊಂದು ಗೆರೆ ಎಳೆದರೂ ಸಂಖ್ಯೆಗಳು ಅವೇ, ಕೇಳುವ ಪ್ರಶ್ನೆ ಬೇರೆ. ಮೊದಲ ಗ್ರಾಫಿನಲ್ಲಿ ಗೆರೆ ಕತ್ತರಿಸಿದರೆ ಯಾವ ತಳಿ ಉತ್ತಮ ಎಂಬುದು ಗೊಬ್ಬರದ ಮೇಲೆ ನಿಂತಿದೆ ಎಂದು ಅರ್ಥ. ಎರಡನೆಯದರಲ್ಲಿ ಕತ್ತರಿಸಿದರೆ ಯಾವ ಪ್ರಮಾಣ ಉತ್ತಮ ಎಂಬುದು ತಳಿಯ ಮೇಲೆ ನಿಂತಿದೆ ಎಂದು ಅರ್ಥ. ಒಂದರಲ್ಲಿ ಕತ್ತರಿಸಿ ಇನ್ನೊಂದರಲ್ಲಿ ಕತ್ತರಿಸದೆ ಇರುವುದೂ ಉಂಟು. ಆದರೆ ತಳಿಗಳಿಗೆ 10, 20, 30 ಎಂಬಂತೆ ಕ್ರಮವಿಲ್ಲದ ಕಾರಣ ಎರಡನೆಯ ಗ್ರಾಫಿನ ಗೆರೆಯ ಇಳಿಜಾರಿಗೆ ಅರ್ಥವಿಲ್ಲ. ತಳಿಗಳ ಜಾಗ ಬದಲಿಸಿದರೆ ಇಳಿಜಾರೂ ಬದಲಾಗುತ್ತದೆ.

ಇನ್ನು ಅಳತೆಯ ಪ್ರಶ್ನೆ. ಇದನ್ನು ಫಿಷರ್ 1923ರಲ್ಲೇ ಎದುರಿಸಿದ್ದರು. ಗೊಬ್ಬರ ಎಲ್ಲ ತಳಿಗೂ ಒಂದೇ ಪ್ರಮಾಣದ ತೂಕ ಸೇರಿಸುತ್ತದೆ ಎಂಬುದಕ್ಕಿಂತ, ಎಲ್ಲ ತಳಿಯ ಇಳುವರಿಯನ್ನೂ ಒಂದೇ ಪಟ್ಟು ಹೆಚ್ಚಿಸುತ್ತದೆ ಎಂಬ ಗುಣಾಕಾರದ ಲೆಕ್ಕ ಅವರಿಗೆ ಹೆಚ್ಚು ಸಹಜವಾಗಿ ಕಂಡಿತ್ತು. ಎರಡರ ವ್ಯತ್ಯಾಸ ನಮ್ಮ ಓಟ್ಸ್‌ನಲ್ಲೇ ಕಾಣುತ್ತದೆ. ಕಿಲೊ ಲೆಕ್ಕದಲ್ಲಿ ಮೂರು ತಳಿಗಳ ಏರಿಕೆ 365, 406, 426, ಹೆಚ್ಚುಕಡಿಮೆ ಒಂದೇ. ಶೇಕಡಾ ಲೆಕ್ಕಕ್ಕೆ ಬಂದರೆ ಮಾರ್ವಲಸ್ ಶೇ 46, ಗೋಲ್ಡನ್ ರೇನ್ ಶೇ 56, ವಿಕ್ಟರಿ ಶೇ 66. ಈಗ ತಳಿಗಳು ದೂರ ದೂರ ನಿಂತಂತೆ ಕಾಣುತ್ತವೆ. ವಿಕ್ಟರಿಯ ಆರಂಭದ ಇಳುವರಿ ಕಡಿಮೆ ಇದ್ದುದರಿಂದ ಹೆಚ್ಚುಕಡಿಮೆ ಅಷ್ಟೇ ತೂಕದ ಏರಿಕೆ ಶೇಕಡಾದಲ್ಲಿ ದೊಡ್ಡದಾಯಿತು. ಗೆರೆಗಳು ಸಮಾನಾಂತರವೇ ಎಂಬ ಪ್ರಶ್ನೆಗೆ ಯಾವ ಅಳತೆಯಲ್ಲಿ ಎಂಬ ಮರುಪ್ರಶ್ನೆ ಇದ್ದೇ ಇದೆ. ಮಾರುಕಟ್ಟೆಯಲ್ಲಿ ದುಡ್ಡು ಸಿಗುವುದು ತೂಕಕ್ಕೆ, ಗೊಬ್ಬರಕ್ಕೆ ಕೊಡುವುದೂ ತೂಕಕ್ಕೆ. ಹಾಗಾಗಿ ರೈತನ ನಿರ್ಧಾರಕ್ಕೆ ಕಿಲೊ ಲೆಕ್ಕವೇ ಸರಿ ಎಂಬುದು ನನ್ನ ಅಭಿಪ್ರಾಯ. ಗೆರೆಗಳು ನಿಜವಾಗಿ ಕತ್ತರಿಸಿದ್ದರೆ ಮಾತ್ರ ಅಳತೆ ಹೇಗೆ ಬದಲಿಸಿದರೂ ಆ ಕತ್ತರಿ ಹೋಗುವುದಿಲ್ಲ. ಐಆರ್ 8 ಮತ್ತು ಪೇಟಾ ಗೆರೆಗಳನ್ನು ಶೇಕಡಾದಲ್ಲಿ ಬರೆದರೂ ಒಂದು ಏರುತ್ತದೆ, ಒಂದು ಇಳಿಯುತ್ತದೆ.

ಒಂದು ಮಾತನ್ನು ಮುಗಿಸದೆ ಬಿಟ್ಟಿದ್ದೆ. ಓಟ್ಸ್ ಗ್ರಾಫಿನಲ್ಲಿ ಇಂಟರ್‌ಆ್ಯಕ್ಷನ್ ಕಾಣಲಿಲ್ಲ ಎಂದೆ, ಇಲ್ಲ ಎನ್ನಲಿಲ್ಲ. ವಿಕ್ಟರಿ ಮಾರ್ವಲಸ್‌ಗಿಂತ 61 ಕಿಲೊ ಹೆಚ್ಚು ಏರಿತು, ಅದರ ಆಚೀಚೆ ಸುಮಾರು 200 ಕಿಲೊ ಅನಿಶ್ಚಿತತೆ ಇದೆ. ಅಂದರೆ ನಿಜವಾದ ವ್ಯತ್ಯಾಸ ವಿಕ್ಟರಿಯ ಪರವಾಗಿ 260 ಕಿಲೊ ಇರಬಹುದು, ಮಾರ್ವಲಸ್ ಪರವಾಗಿ 140 ಕಿಲೊ ಕೂಡ ಇರಬಹುದು. 72 ತಾಕುಗಳ ಈ ಅಚ್ಚುಕಟ್ಟಾದ ಪ್ರಯೋಗಕ್ಕೂ ಅದಕ್ಕಿಂತ ಸೂಕ್ಷ್ಮವಾಗಿ ನೋಡಲು ಬರುವುದಿಲ್ಲ. ಗೊಬ್ಬರದ ಸರಾಸರಿ ಪರಿಣಾಮಕ್ಕೆ ಇದೇ ಪ್ರಯೋಗದ ಸ್ಟ್ಯಾಂಡರ್ಡ್ ಎರರ್ 40 ಕಿಲೊ. ಮೂರು ತಳಿಯ ತಾಕುಗಳೂ ಸೇರಿ ಅದನ್ನು ಅಳೆಯುತ್ತವೆ. ಇಂಟರ್‌ಆ್ಯಕ್ಷನ್‌ಗೆ 99. ಒಂದೇ ಹೊಲ, ಒಂದೇ ಶ್ರಮ, ಆದರೂ ಎರಡನೆಯ ಪ್ರಶ್ನೆಗೆ ಸಿಗುವ ಉತ್ತರ ಯಾವಾಗಲೂ ಹೆಚ್ಚು ಮಸುಕು.

ಎರಡು ತಳಿಗಳ ಸ್ಪಂದನೆಯಲ್ಲಿ 100 ಕಿಲೊ ವ್ಯತ್ಯಾಸವನ್ನು ಗುರುತಿಸಬೇಕು ಎಂದಿದ್ದರೆ ಸ್ಟ್ಯಾಂಡರ್ಡ್ ಎರರ್ ಅರ್ಧಕ್ಕೆ ಇಳಿಯಬೇಕು. ಅದಕ್ಕೆ ತಾಕುಗಳು ಎರಡು ಪಟ್ಟಲ್ಲ, ನಾಲ್ಕು ಪಟ್ಟು ಬೇಕು: 6 ಬ್ಲಾಕಿನ ಬದಲು 24, 72 ತಾಕಿನ ಬದಲು 288. ಅಷ್ಟು ದೊಡ್ಡ ಒಂದೇ ಹೊಲ ಹುಡುಕುವುದಕ್ಕಿಂತ, ಅದೇ 72 ತಾಕಿನ ಪ್ರಯೋಗವನ್ನು ನಾಲ್ಕು ಊರುಗಳಲ್ಲಿ ಅಥವಾ ನಾಲ್ಕು ಹಂಗಾಮುಗಳಲ್ಲಿ ಮಾಡುವುದು ಹೆಚ್ಚು ಉಪಯುಕ್ತ. ಆಗ ಊರು ಮತ್ತು ಹಂಗಾಮು ಕೂಡ ಲೆಕ್ಕದೊಳಗೆ ಬರುತ್ತವೆ. ಕೆಂಪು ಮಣ್ಣಿನಲ್ಲಿ ಕಂಡ ಅಂತರ ಕಪ್ಪು ಮಣ್ಣಿನಲ್ಲೂ ಕಾಣುತ್ತದೆಯೇ, ಮಳೆ ಕೈಕೊಟ್ಟ ವರ್ಷದಲ್ಲೂ ಉಳಿಯುತ್ತದೆಯೇ ಎಂದು ನೋಡಲು ಒಂದೊಂದು ಊರಿಗೂ ಒಂದೊಂದು ಗ್ರಾಫ್ ಎಳೆದು, ನಾಲ್ಕನ್ನೂ ಒಂದೇ ಅಳತೆಯ ಅಕ್ಷದಲ್ಲಿ ಪಕ್ಕಪಕ್ಕ ಇಟ್ಟು ಓದಬೇಕಾಗುತ್ತದೆ.